ದೀಪಾವಳಿ ಶುಭಾಶಯ ಕಳಿಸುವ ಮುನ್ನ

ಸದಸ್ಯರೇ, ಮೂಲ ಸಾಲು ಒಂದೇ ಇರಲಿ: “ದೀಪಾವಳಿ ಶುಭಾಶಯ, ಆರೋಗ್ಯ ಚೆನ್ನಾಗಿರಲಿ.” ಅದಕ್ಕೆ ಮೊದಲು ಕರೆಯುವ ಬಗೆ, ನಂತರ ಆ ವ್ಯಕ್ತಿಗಷ್ಟೇ ಸಲ್ಲುವ ಒಂದು ಮಾತು ಸೇರಿಸಿ.

ಮನೆಯವರಿಗೆ: “ದೊಡ್ಡಾಯಿ, … ಗೋಪೂಜೆಗೆ ಬರಲಾಗುತ್ತಿಲ್ಲ, ನನ್ನ ಪಾಲಿನ ಗೋಗ್ರಾಸ ನೀನೇ ಕೊಡು.” ಇಲ್ಲಿ ಹೆಚ್ಚಿನವರು ಎಡವುವುದು “ನಿಮಗೂ ನಿಮ್ಮ ಕುಟುಂಬಕ್ಕೂ” ಎಂಬಲ್ಲಿ. ಆ ಕುಟುಂಬದಲ್ಲಿ ನೀವೂ ಇದ್ದೀರಲ್ಲ! ಓದಿದ ಕೂಡಲೇ ಇದು ಬೇರೆಯವರಿಗೆ ಬರೆದದ್ದೆಂದು ಗೊತ್ತಾಗುತ್ತದೆ.

ಗೆಳೆಯರಿಗೆ: “ಏನೋ, … ಪಾಡ್ಯದ ಸಂಜೆ ದೇವಿಕೆರೆ ಹತ್ತಿರ ಸಿಗ್ತೀಯಾ?” ನಿಜವಾಗಿ ಹೋಗುವುದಿದ್ದರೆ ಮಾತ್ರ ಹೀಗೆ ಬರೆಯಿರಿ. “ಯಾವಾಗಾದ್ರೂ ಸಿಗೋಣ” ಎಂದರೆ ಸಿಗುವುದಿಲ್ಲ ಎಂದೇ ಅರ್ಥ.

ಸಹೋದ್ಯೋಗಿಗಳಿಗೆ: “ಮೇಡಂ, … ಮಾರ್ಚ್ ಲೆಕ್ಕದಲ್ಲಿ ನೀವು ನೆರವಾದದ್ದು ನೆನಪಿದೆ.” ಇಷ್ಟು ಸಾಕು. ಅದೇ ಸಂದೇಶದಲ್ಲಿ ಬಾಕಿ ಫೈಲು ಕೇಳಿದರೆ ಶುಭಾಶಯ ಬರೀ ಪೀಠಿಕೆಯಾಗುತ್ತದೆ. ಹಬ್ಬ ಆಚರಿಸದವರಿಗೆ “ರಜೆ ಹಿತವಾಗಿರಲಿ” ಎನ್ನಿ.

ವಾಟ್ಸಾಪ್‌ನಲ್ಲಿ ಫಾರ್ವರ್ಡ್ ಮಾಡಬೇಡಿ, ಮೇಲೆ ಗುರುತು ಬೀಳುತ್ತದೆ. ನಕಲಿಸಿ ಅಂಟಿಸಿದರೆ ಬೀಳುವುದಿಲ್ಲ, ಆದರೆ ಹಿಂದಿನವರ ಹೆಸರು ಉಳಿದಿದೆಯೇ ನೋಡಿಕೊಂಡೇ ಕಳಿಸಿ.