ಗೆಳೆಯನಿಗೊಂದು ಪತ್ರ: ‘ಮಾಜಿ’ ಎಂಬ ಎರಡಕ್ಷರ

ಪ್ರೀತಿಯ ಗೆಳೆಯಾ,

ರಾಜ್ಯೋತ್ಸವದ ನನ್ನ ನಿರೂಪಣೆಯ ವಿಡಿಯೋ ನೋಡಿ “ಕಾಲೇಜಿನ ದಿನಗಳ ದನಿಯೇ ಇದೆ ಮಾರಾಯ” ಅಂತ ಬರೆದಿದ್ದೀಯ. ಖುಷಿಯಾಯಿತು. ಆದರೆ ಒಂದು ಕಡೆ ನಾನು ತಡವರಿಸಿದ್ದು ನಿನ್ನ ಕಣ್ಣಿಗೆ ಬಿದ್ದಂತಿಲ್ಲ. ಅಂದಿನಿಂದ ಅದೇ ಕಾಡುತ್ತಿದೆ.

ಆಹ್ವಾನ ಪತ್ರಿಕೆಯಲ್ಲಿ ಭಾಷಣಕಾರರ ಹೆಸರಿನ ಕೆಳಗೆ ‘ಪ್ರಾಂಶುಪಾಲರು’ ಅಂತಿತ್ತು. ಅಚ್ಚಿಗೆ ಕೊಟ್ಟಾಗ ಅವರು ಪ್ರಭಾರದಲ್ಲಿದ್ದರು. ಕಾರ್ಯಕ್ರಮದ ಹೊತ್ತಿಗೆ ಆ ಕುರ್ಚಿಗೆ ಹೊಸಬರು ಬಂದು, ಇವರು ಮತ್ತೆ ಇತಿಹಾಸದ ಸಹ ಪ್ರಾಧ್ಯಾಪಕರಾಗಿದ್ದರು. ನಾನು ಅಚ್ಚಾದದ್ದನ್ನೇ ಓದಿದೆ. ಮುಂದಿನ ಸಾಲಿನಿಂದ ಯಾರೋ ಕೈಸನ್ನೆ ಮಾಡಿದರು. “ಕ್ಷಮಿಸಿ, ಆಹ್ವಾನ ಪತ್ರಿಕೆಯಲ್ಲಿ ತಪ್ಪಾಗಿದೆ, ಮಾಜಿ ಪ್ರಾಂಶುಪಾಲರು” ಅಂದುಬಿಟ್ಟೆ. ಅವರು ಶಾಲಿನ ಅಂಚನ್ನು ಬೆರಳಿಗೆ ಸುತ್ತುತ್ತಾ ನೆಲ ನೋಡುತ್ತಿದ್ದರು.

ವೇದಿಕೆ ಹತ್ತುವ ಮೊದಲು ಅವರ ಪಕ್ಕ ಕೂತು “ಸರ್, ಪರಿಚಯದಲ್ಲಿ ಹೇಗೆ ಹೇಳಲಿ?” ಅಂತ ಕೇಳಿದ್ದರೆ ಮುಗಿಯುತ್ತಿತ್ತು. ಅವರು ಹೇಳಿದ್ದನ್ನು ಚೀಟಿಯಲ್ಲಿ ಬರೆದು, ಸ್ವಾಗತ ಮಾಡುವವರಿಗೂ ವಂದನಾರ್ಪಣೆಯವರಿಗೂ ಅಧ್ಯಕ್ಷರಿಗೂ ಒಂದೊಂದು ಕೊಡಬೇಕಿತ್ತು. ಇಲ್ಲದಿದ್ದರೆ ನಾವು ಸರಿಯಾಗಿ ಹೇಳಿದ್ದನ್ನು ಅವರು ಪತ್ರಿಕೆ ನೋಡಿ ಮತ್ತೆ ಹಳೆಯದಕ್ಕೇ ತರುತ್ತಾರೆ. ಮೈಕಿನಲ್ಲಿ “ಇತಿಹಾಸದ ಸಹ ಪ್ರಾಧ್ಯಾಪಕರು” ಅಂದರೆ ಸಾಕು. ಹುದ್ದೆ ಬದಲಾದದ್ದಕ್ಕೆ ಸಭೆಗೆ ಕಾರಣ ಬೇಕಿಲ್ಲ. ಬಾಯಿತಪ್ಪಿ ಹಳೆಯದೇ ಬಂದರೂ ಅಲ್ಲೇ ತಿದ್ದಬಾರದು. ಭಾಷಣಕ್ಕೆ ಕರೆಯುವಾಗ ಈಗಿನ ಹುದ್ದೆ ಸೇರಿಸಿ ಕರೆದರೆ ಕೇಳಿದವರು ಅದನ್ನೇ ಹಿಡಿಯುತ್ತಾರೆ.

ಭಾಷಣದ ವಿಷಯ ಬದಲಾದರೆ ಹಾಗಲ್ಲ, ಸಭೆಗೆ ಹೇಳಲೇಬೇಕು, ಅದನ್ನು ಓದಿಯೇ ಜನ ಬಂದಿರುತ್ತಾರೆ. ಅವತ್ತು ಅದೂ ಬದಲಾಗಿತ್ತು. ಪತ್ರಿಕೆಯಲ್ಲಿ ‘ಆಡಳಿತದಲ್ಲಿ ಕನ್ನಡ’, ಅವರು ಸಿದ್ಧಪಡಿಸಿಕೊಂಡು ಬಂದದ್ದು ಹಲ್ಮಿಡಿ ಶಾಸನ. ನಾನು “ವಿಷಯ ಬದಲಾಗಿದೆ” ಎಂದಷ್ಟೇ ಹೇಳಿ ಸರಿದೆ. ಅವರೋ ಮೈಕ್ ಹಿಡಿದು ಮೊದಲ ಮಾತಿಗೇ ಅಂದರು: ಸುಮಾರು ಕ್ರಿ.ಶ. 450ರ ಆ ಕಲ್ಲು ಊರುಗಳನ್ನು ದತ್ತಿ ಕೊಟ್ಟ ದಾಖಲೆ, ಆಡಳಿತದಲ್ಲಿ ಕನ್ನಡ ಅಲ್ಲಿಂದಲೇ ಇದೆ. ಸಭೆ ನೆಟ್ಟಗೆ ಕೂತಿತು. ಆ ಒಂದು ಕೊಂಡಿ ನಾನು ಹಾಕಬೇಕಿದ್ದದ್ದು. ಐದು ನಿಮಿಷ ಮೊದಲು “ಏನು ಮಾತಾಡುತ್ತೀರಿ ಸರ್?” ಅಂದಿದ್ದರೆ ಅವರೇ ಕೊಡುತ್ತಿದ್ದರು.

ಇದಿಷ್ಟೇ ಬರೆಯೋಣ ಅಂತ ಕೂತೆ. ಆದರೆ ನಿನ್ನ ಹತ್ತಿರ ಮುಚ್ಚಿಟ್ಟು ಏನು ಪ್ರಯೋಜನ? ನಾನು ತಿದ್ದಿದ್ದು ಅವರಿಗಾಗಿ ಅಲ್ಲ. ತಪ್ಪು ನನ್ನದಲ್ಲ, ಅಚ್ಚಿನದು ಅಂತ ಸಭೆಗೆ ತೋರಿಸಬೇಕಿತ್ತು. ಅದಕ್ಕೇ ಅವರ ಮೇಲೆ ಆ ‘ಮಾಜಿ’ ಹಾಕಿದೆ. ಊಟದ ಸಾಲಿನಲ್ಲಿ ಅವರೇ ಬಂದು “ಚೆನ್ನಾಗಿ ನಡೆಸಿಕೊಟ್ರಿ” ಅಂದಾಗ ನನ್ನ ಬಾಯಿಂದ ಮಾತೇ ಹೊರಡಲಿಲ್ಲ.

ಭಾನುವಾರ ಅವರ ಮನೆಗೆ ಹೋಗುತ್ತಿದ್ದೇನೆ. ಸರಿ, ಸಾಕು ಬಿಡು. ಸಂಕ್ರಾಂತಿಗೆ ಬಂದಾಗ ಮಾತಾಡೋಣ.

ನಿನ್ನವ