ಓಸಕಕ್ಕೆ ಹೊರಟವಳಿಗೆ ಹನ್ನೆರಡು ಮಾತು

ದಾವಣಗೆರೆ

ಚಿರಂಜೀವಿ ಪೃಥ್ವಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು.

ಎರಡು ವಾರಕ್ಕೆ ಜಪಾನಿಗೆ ಹೊರಟಿದ್ದೀಯ ಎಂದು ನಿಮ್ಮಪ್ಪ ಹೇಳಿದ. ಅಲ್ಲಿನ ಮಾತು ಹನ್ನೆರಡನ್ನು ಬಾಯಿಗೆ ಮಾಡಿಕೊಂಡು ಹೋಗು, ಸಾಕು. ಆದರೆ ಇಂಗ್ಲಿಷ್ ಅಕ್ಷರದಲ್ಲಿ ಬರೆದದ್ದನ್ನು ನೋಡಿ ಕಲಿಯಬೇಡ. ಕನ್ನಡದಲ್ಲಿ ಬರೆದುಕೋ.

ಜಪಾನಿ ಭಾಷೆಯಲ್ಲಿ ಹ್ರಸ್ವ, ದೀರ್ಘ ಬದಲಾದರೆ ಅರ್ಥವೇ ಬೇರೆ. ಒಬಸನ್ ಅಂದರೆ ಅತ್ತೆ ಅಥವಾ ಚಿಕ್ಕಮ್ಮ, ಒಬಾಸನ್ ಅಂದರೆ ಅಜ್ಜಿ. ಬಿರು ಅಂದರೆ ಕಟ್ಟಡ, ಬೀರು ಅಂದರೆ ಕುಡಿಯುವ ಬಿಯರು (ನಮ್ಮನೆಯ ಬಟ್ಟೆ ಇಡುವ ಬೀರು ಅಲ್ಲ). ಒತ್ತಕ್ಷರವೂ ಹಾಗೇ: ಕಿತೆ ಅಂದರೆ ಬಾ, ಕಿತ್ತೆ ಅಂದರೆ ಅಂಚೆ ಚೀಟಿ. ಕತೆಗೂ ಕತ್ತೆಗೂ ಇರುವ ವ್ಯತ್ಯಾಸವನ್ನು ನಿನಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಇಂಗ್ಲಿಷ್ ಅಕ್ಷರ ಓದಿದಾಗ ಇದೆಲ್ಲ ಮರೆತುಹೋಗುತ್ತದೆ. ನಾವೆಲ್ಲ ಒಸಾಕಾ ಅನ್ನುವ ಊರಿನ ಹೆಸರನ್ನೇ ತಗೋ. ಅಲ್ಲಿಯವರ ಬಾಯಲ್ಲಿ ಮೊದಲಕ್ಷರ ದೀರ್ಘ, ಉಳಿದೆರಡೂ ಹ್ರಸ್ವ: ಓಸಕ. ನಮ್ಮದು ಪೂರ್ತಿ ತಿರುಗುಮುರುಗು.

ಉಚ್ಚಾರಣೆಯಲ್ಲಿ ಇನ್ನೆರಡು ವಿಷಯ ಗಮನದಲ್ಲಿಡು. ಟ, ಡ ಅಲ್ಲಿಲ್ಲ. ಎಲ್ಲವೂ ತ, ದ. ಹಾಗಾಗಿ ಟೋಕಿಯೋ ಅಲ್ಲ, ತೋಕ್ಯೋ. ಎರಡನೆಯದು, ಪುಸ್ತಕದಲ್ಲಿ ದೆಸು, ಮಸು ಎಂದು ಇರುವ ಕಡೆ ಕೊನೆಯ ಉಕಾರ ಸಾಮಾನ್ಯವಾಗಿ ಕೇಳಿಸುವುದಿಲ್ಲ. ದೆಸ್, ಮಸ್ ಅನ್ನು. ಪದದ ಕೊನೆಗೊಂದು ಉಕಾರ ಅಂಟಿಸುವುದು ನಮಗೆ ರೂಢಿ, ಅಲ್ಲಿ ಅದನ್ನು ಸ್ವಲ್ಪ ತಡೆಹಿಡಿ.

ವಾಕ್ಯದ ಜೋಡಣೆಗೂ ಇಂಗ್ಲಿಷಿನ ದಾರಿ ಬೇಡ. ಅಲ್ಲೂ ಕ್ರಿಯಾಪದ ಕೊನೆಗೇ ಬರುತ್ತದೆ, ಪ್ರತ್ಯಯ ನಾಮಪದದ ಹಿಂದೆಯೇ ಅಂಟುತ್ತದೆ, ಕರ್ತೃವನ್ನು ಬಿಟ್ಟರೂ ನಡೆಯುತ್ತದೆ. ‘ಕ್ಯೋತೊ ನಿ ಇಕಿಮಸ್ ಕ’ ಅನ್ನುವುದನ್ನು ಬಿಡಿಸಿದರೆ ಕ್ಯೋತೊ-ಕ್ಕೆ-ಹೋಗುತ್ತ-ಆ. ‘ನಿ’ ನಮ್ಮ ‘ಕ್ಕೆ’, ಕೊನೆಯ ‘ಕ’ ನಮ್ಮ ‘ಆ’. ಪ್ರತಿ ಮಾತಿನ ಕೆಳಗೂ ಹೀಗೆ ಕನ್ನಡವನ್ನು ತುಂಡುತುಂಡಾಗಿ ಬರೆದುಕೊಂಡರೆ ಉರುಹೊಡೆಯುವ ಕೆಲಸ ಅರ್ಧ ಉಳಿಯುತ್ತದೆ. ಊರ ಹೆಸರು ಬದಲಿಸಿ ಅದೇ ವಾಕ್ಯವನ್ನು ಇನ್ನೊಂದು ಕಡೆಗೂ ಬಳಸಬಹುದು.

ಇನ್ನು ಹೆಚ್ಚಿನವರು ತಪ್ಪುವುದು ಎಲ್ಲಿ ಅಂದರೆ, ಪ್ರಶ್ನೆ ಕಲಿಯುತ್ತಾರೆ, ಉತ್ತರ ಕಲಿಯುವುದಿಲ್ಲ. ‘ಕ್ಯೋತೊಕ್ಕೆ ಹೇಗೆ ಹೋಗುವುದು’ ಎಂದು ಅಚ್ಚುಕಟ್ಟಾಗಿ ಕೇಳಿದೆ ಅನ್ನು. ಎದುರಿನವರು ನಿನಗೆ ಭಾಷೆ ಬರುತ್ತದೆಂದುಕೊಂಡು ಒಂದು ನಿಮಿಷ ವಿವರಿಸುತ್ತಾರೆ, ನೀನು ಪಿಳಿಪಿಳಿ ನೋಡುತ್ತೀಯ. ಆದ್ದರಿಂದ ಹೌದು-ಇಲ್ಲ ಅಥವಾ ಕೈತೋರಿಸಿ ಮುಗಿಸುವ ಉತ್ತರ ಬರುವಂಥ ಪ್ರಶ್ನೆಯನ್ನೇ ಆರಿಸು. ಓಸಕ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ನಿಂತ ರೈಲನ್ನು ತೋರಿಸಿ ‘ಕ್ಯೋತೊ ನಿ ಇಕಿಮಸ್ ಕ’ ಅನ್ನು. ಉತ್ತರದ ಬಾಲ ಮಾತ್ರ ಕೇಳಿಸಿಕೋ. ಇಕಿಮಸ್ ಅಂದರೆ ಹೋಗುತ್ತದೆ, ಇಕಿಮಸೆನ್ ಅಂದರೆ ಹೋಗಲ್ಲ. ನಮ್ಮಲ್ಲಿ ಇರುವ ಹಾಗೆಯೇ ‘ಇಲ್ಲ’ ಕ್ರಿಯಾಪದದ ಕೊನೆಯಲ್ಲೇ ಕೂತಿರುತ್ತದೆ. ಅದನ್ನು ಕೇಳದೆ ಹತ್ತಿದರೆ ಎದುರು ದಿಕ್ಕಿನ ಕೋಬೆಗೆ ಹೋಗಿ ಇಳಿದೀಯ. ‘ಹಯ್’ ಅಂದದ್ದನ್ನು ಕೇಳಿ ಹೌದು ಅಂದುಕೊಳ್ಳಬೇಡ. ನಾವು ಹೂಂಗುಟ್ಟಿದ ಹಾಗೆ, ‘ಕೇಳಿಸ್ತಾ ಇದೆ’ ಅನ್ನುವುದಕ್ಕೂ ಅದೇ ಮಾತು. ‘ಚೊತ್ತೊ...’ ಎಂದು ಎಳೆದು ನಿಲ್ಲಿಸಿದರೆ ಪದದ ಅರ್ಥ ‘ಸ್ವಲ್ಪ’, ಭಾವಾರ್ಥ ‘ಆಗೋದಿಲ್ಲ’. ಎರಡು ಮುಂಗೈಗಳನ್ನು ಅಡ್ಡಡ್ಡ ಹಿಡಿದು ತೋರಿಸಿದರೂ ಇಲ್ಲವೆಂದೇ.

ಊಟದ ವಿಷಯಕ್ಕೆ ಬರುತ್ತೇನೆ. ನಮ್ಮ ಮನೆಯವಳಾದ ನಿನಗೆ ತೊಡಕಾಗುವುದು ಇಲ್ಲೇ. ‘ವೆಜಿಟೇರಿಯನ್’ ಅಂದರೆ ಅಲ್ಲಿ ತರಕಾರಿ ಇಷ್ಟಪಡುವವಳು ಎಂದಷ್ಟೇ ತಿಳಿದು, ತರಕಾರಿ ಹಾಕಿದ ಉದೊನ್ ಶಾವಿಗೆ ತಂದಿಟ್ಟಾರು. ನೋಡುವುದಕ್ಕೆ ಮಾಂಸವೂ ಇಲ್ಲ, ಮೀನೂ ಇಲ್ಲ. ಆದರೆ ಅದರ ತಿಳಿಸಾರಿನ ಬುಡ ದಶಿ. ಸಾಮಾನ್ಯವಾಗಿ ಅದನ್ನು ಒಣಗಿಸಿದ ಮೀನಿನ ಹೆರೆಯನ್ನು ನೀರಿಗೆ ಹಾಕಿ ಸೋಸಿ ತೆಗೆಯುತ್ತಾರೆ. ಅಡಿಗೆಯವನು ಸುಳ್ಳು ಹೇಳಿದನೆಂದಲ್ಲ, ಸೋಸಿದ ರಸವನ್ನು ಅವನು ಮೀನಿನ ಲೆಕ್ಕಕ್ಕೇ ಹಿಡಿದಿರುವುದಿಲ್ಲ. ಅದಕ್ಕೇ ಎರಡು ಮಾತು ಒಂದರ ಹಿಂದೆ ಒಂದು ಬೇಕು.

‘ನಿಕು ತೊ ಸಕನ ವ ತಬೆಮಸೆನ್.’ ನಿಕು ಮಾಂಸ, ಸಕನ ಮೀನು, ತಬೆಮಸೆನ್ ತಿನ್ನೋದಿಲ್ಲ. ‘ನಾನು’ ಎಂದು ಸೇರಿಸಬೇಕಿಲ್ಲ. ಆಮೇಲೆ ‘ದಶಿ ಮೊ ದಮೆ ದೆಸ್’, ಅಂದರೆ ದಶಿ-ಯೂ-ಆಗೋದಿಲ್ಲ. ಈ ಎರಡನೆಯದನ್ನು ಹೇಳಿದಾಗ ಎದುರಿನವರ ಮುಖ ಯೋಚನೆಗೆ ಬಿದ್ದರೆ ಮಾತು ಮುಟ್ಟಿತು ಅಂತ ಲೆಕ್ಕ. ಥಟ್ಟನೆ ಒಪ್ಪಿಕೊಂಡು ಒಳಗೆ ಹೋದರೆ ಅನುಮಾನ ಇರಲಿ, ಇನ್ನೊಮ್ಮೆ ಹೇಳು. ಎಷ್ಟೋ ಅಂಗಡಿಗಳಲ್ಲಿ ದಶಿ ಇಲ್ಲದ ಸಾರೇ ಇರುವುದಿಲ್ಲ, ಆಗ ಎದ್ದು ಬರುವುದೇ ಸರಿ. ‘ಶೋಜಿನ್ ರ್ಯೋರಿ’ ಎಂದು ಕೇಳಿ ನೋಡು. ಅದು ಬೌದ್ಧ ದೇವಾಲಯಗಳ ಅಡಿಗೆ, ಅದರ ದಶಿಯನ್ನು ಕಡಲ ಪಾಚಿ, ಅಣಬೆಗಳಿಂದ ತೆಗೆಯುತ್ತಾರೆ. ಕೋಯ ಬೆಟ್ಟದ ದೇವಾಲಯಗಳಲ್ಲಿ ಉಳಿದುಕೊಂಡರೆ ಅದೇ ಊಟ ಸಿಗುತ್ತದೆ.

ಉಳಿದವು ಹಗುರ. ‘ಸುಮಿಮಸೆನ್’ ಒಂದರಲ್ಲೇ ಯಾರನ್ನಾದರೂ ಕರೆಯಬಹುದು, ಕ್ಷಮೆ ಕೇಳಬಹುದು. ‘ಒನೆಗಯ್ ಶಿಮಸ್’ ದಯವಿಟ್ಟು ಮಾಡಿಕೊಡಿ ಅಂತ. ‘ಅರಿಗತೋ ಗೊಜಯ್ಮಸ್’ ಕೃತಜ್ಞತೆ, ದೀರ್ಘ ತೋಕಾರದ ಮೇಲೆ ಮಾತ್ರ. ಬೆಣ್ಣೆದೋಸೆ ಹೋಟೆಲಿನಲ್ಲಿ ಪಕ್ಕದ ತಟ್ಟೆ ತೋರಿಸಿ ‘ಇದು ಒಂದು’ ಅನ್ನುವ ಹಾಗೆ ‘ಕೊರೆ, ಹಿತೊತ್ಸು, ಒನೆಗಯ್ ಶಿಮಸ್’. ಎರಡಾದರೆ ಫುತತ್ಸು, ಮೂರಾದರೆ ಮಿತ್ತ್ಸು, ಅಲ್ಲಿಂದಾಚೆ ಬೆರಳು ತೋರಿಸು. ಬೆಲೆಗೆ ‘ಇಕುರ ದೆಸ್ ಕ’ ಎಂದು ಕೇಳಿ, ಉತ್ತರವನ್ನು ಕ್ಯಾಲ್ಕುಲೇಟರಿನಲ್ಲಿ ತೋರಿಸಲು ಸನ್ನೆ ಮಾಡು. ‘ತೊಯ್ರೆ ವ ದೊಕೊ ದೆಸ್ ಕ’ ಶೌಚಾಲಯ ಎಲ್ಲಿ. ಅರ್ಥವಾಗದಿದ್ದರೆ ‘ಮೋ ಇಚಿದೊ ಒನೆಗಯ್ ಶಿಮಸ್’, ಇನ್ನೊಂದು ಸಲ ಹೇಳಿ.

‘ದಯ್ಜೋಬು ದೆಸ್’ ಬಗ್ಗೆ ಎಚ್ಚರ. ಪುಸ್ತಕದಲ್ಲಿ ‘ಪರವಾಗಿಲ್ಲ’ ಎಂದಿರುತ್ತದೆ. ಅಂಗಡಿಯಲ್ಲಿ ‘ಫುಕುರೊ’ ಎಂದು ಕೇಳಿದರೆ ಚೀಲ ಬೇಕಾ ಅಂತ, 2020ರ ಜುಲೈನಿಂದ ಪ್ಲಾಸ್ಟಿಕ್ ಚೀಲಕ್ಕೆ ದುಡ್ಡು ಕೊಡಬೇಕು. ಆಗ ದಯ್ಜೋಬು ಅಂದರೆ ‘ಬೇಡ’. ಬೇಕಿದ್ದರೆ ಒನೆಗಯ್ ಶಿಮಸ್.

ಹನ್ನೆರಡನೆಯದು ಬೇಕಾಗದಿರಲಿ. ಆಂಬುಲೆನ್ಸಿಗೂ ಅಗ್ನಿಶಾಮಕಕ್ಕೂ ಅಲ್ಲಿ ಒಂದೇ ಸಂಖ್ಯೆ, 119. ಎತ್ತಿದವರು ಮೊದಲು ಕೇಳುವುದು ‘ಕಜಿ’ಯೋ ‘ಕ್ಯೂಕ್ಯೂ’ವೋ ಎಂದು. ಕಜಿ ಬೆಂಕಿ. ನೀನು ‘ಕ್ಯೂಕ್ಯೂ ದೆಸ್’ ಅನ್ನು, ಕೂಡಲೇ ಇರುವ ಜಾಗದ ಹೆಸರು ಹೇಳು.

ದಿನಕ್ಕೆ ಎರಡರಂತೆ ಆರು ದಿನ ಸಾಕು. ಬಾಯಿಬಿಟ್ಟು ಹೇಳು, ಪ್ರತಿ ದೀರ್ಘಕ್ಕೂ ಒಂದು ಚಿಟಿಕೆ ಹೆಚ್ಚು ಹಾಕು. ಭಾನುವಾರ ಫೋನ್ ಮಾಡಿದಾಗ ಊಟದ ಎರಡು ಮಾತಿನಿಂದ ಶುರುಮಾಡು. ನಾನು ಹೋಟೆಲಿನವನಾಗಿ ‘ಹಯ್, ಹಯ್’ ಅನ್ನುತ್ತಿರುತ್ತೇನೆ, ನೀನು ದಶಿಯನ್ನು ಬಿಡದೆ ಹೇಳಬೇಕು.

ಇತಿ ನಿನ್ನ
ದೊಡ್ಡಪ್ಪ