ದೊಡ್ಡವರ ಕೆಮ್ಮಿನ ಸಿರಪ್ ಮಕ್ಕಳಿಗೆ ಬೇಡ

ಮಾನ್ಯರೇ,

ಮೊನ್ನೆ ನಮ್ಮ ಔಷಧಿ ಅಂಗಡಿಗೆ ಆಲೂರು ಕಡೆಯ ಅಜ್ಜಿಯೊಬ್ಬರು ಬಂದಿದ್ದರು. ಕೈಯಲ್ಲಿ ಮಗನಿಗೆ ಬರೆದುಕೊಟ್ಟಿದ್ದ ಕೊಡೀನ್ ಇರುವ ಕೆಮ್ಮಿನ ಸಿರಪ್, ಅರ್ಧ ಬಾಟಲಿ ಉಳಿದಿತ್ತು. "ಮೊಮ್ಮಗನಿಗೂ ಕೆಮ್ಮು, ಅರ್ಧ ಚಮಚ ಕೊಡ್ಲಾ?" ಅಂದರು. ಹುಡುಗನಿಗೆ ಏಳು ವರ್ಷ. ಬೇಡವೇ ಬೇಡ ಅಂದೆ.

ಅರ್ಧ ಚಮಚದ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಲಿವರ್‌ನಲ್ಲಿರುವ ಸಿವೈಪಿ2ಡಿ6 ಎಂಬ ಕಿಣ್ವ ಕೊಡೀನ್‌ನ ಸ್ವಲ್ಪ ಭಾಗವನ್ನು ಮಾರ್ಫಿನ್ ಎಂಬ ಬಲವಾದ ನೋವಿನ ಔಷಧಿಯಾಗಿ ಮಾಡುತ್ತದೆ. ಕೊಡೀನ್ ಅನ್ನು ನೋವಿಗೂ ಕೊಡುತ್ತಾರೆ; ಆಗ ಕೆಲಸ ಮಾಡುವುದು ಮುಖ್ಯವಾಗಿ ಆ ಮಾರ್ಫಿನ್. ಈ ಕಿಣ್ವದ ವೇಗ ಹುಟ್ಟಿನಿಂದಲೇ ಒಬ್ಬೊಬ್ಬರಲ್ಲಿ ಒಂದೊಂದು ಥರ. ಕೆಲವರಿಗೆ ಔಷಧಿ ನಾಟುವುದೇ ಇಲ್ಲ. ಕೆಲವರಲ್ಲಿ ಅದೇ ಡೋಸ್ ಬೇಗ ಬೇಗ ಮಾರ್ಫಿನ್ ಆಗಿ, ಉಸಿರನ್ನೇ ಕುಗ್ಗಿಸಿಬಿಡುತ್ತದೆ. ಮಗು ಯಾವ ಥರದ್ದು ಅಂತ ಮುಖ ನೋಡಿ ಹೇಳೋಕಾಗಲ್ಲ, ಅಲ್ವಾ? ಟ್ರಮಡಾಲ್ ಎಂಬ ನೋವಿನ ಔಷಧಿಯ ಕಥೆಯೂ ಹೀಗೇ. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲಿ 12 ವರ್ಷದೊಳಗಿನವರಿಗೆ ಎರಡೂ ಬೇಡ ಎಂದಿತು. ಟಾನ್ಸಿಲ್ ಆಪರೇಷನ್ ಆದವರಿಗಂತೂ 18 ತುಂಬುವವರೆಗೂ ಬೇಡ.

ಗೊತ್ತಿಲ್ಲದೆ ಕೊಟ್ಟಾಗಿದ್ದರೆ ಮಗುವನ್ನು ಗಮನಿಸಿ. ಎಬ್ಬಿಸಿದರೂ ಏಳದಿದ್ದರೆ, ಉಸಿರು ನಿಧಾನವಾದರೆ, ತುಟಿ ನೀಲಿಯಾದರೆ "ಸುಮ್ನೆ ಮಲಗಲಿ ಬಿಡು" ಅನ್ನಬೇಡಿ. ತಕ್ಷಣ 108ಕ್ಕೆ ಫೋನ್ ಮಾಡಿ.

ಅಜ್ಜಿ ಬಾಟಲಿಯನ್ನು ಅಂಗಡಿಯಲ್ಲೇ ಬಿಟ್ಟು, ಮೊಮ್ಮಗನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದರು.

– ಒಬ್ಬ ಫಾರ್ಮಸಿಸ್ಟ್, ಹಾಸನ